ಮೂರು ಪುಟದೊಳಗೆ ಮೊದಲ ಸೀನ್: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಮೊದಲ ಮೂರು ಪುಟದಲ್ಲೇ ಕಥೆಯ ಜಗತ್ತು, ಟೋನು, ಪಣಕ್ಕಿರೋದು ಏನು ಅಂತ ಎಲ್ಲಾ ಗೊತ್ತಾಗಬೇಕು ಅಂತಾರಲ್ಲ, ಅಷ್ಟು ಕಮ್ಮಿ ಜಾಗದಲ್ಲಿ ಇಷ್ಟೆಲ್ಲಾ ಹೇಗೆ ಹಿಡಿಸೋದು ಸಾರ್?"

ಮೂರನ್ನೂ ಬೇರೆ ಬೇರೆಯಾಗಿ ಹೇಳಲು ಹೋದರೆ ಹಿಡಿಸುವುದಿಲ್ಲ. ಮೂರನ್ನೂ ಹೊರುವ ಒಂದೇ ಒಂದು ಕೆಲಸವನ್ನು ಹುಡುಕಿ, ಅದನ್ನು ಪಾತ್ರದ ಕೈಯಲ್ಲಿ ಮಾಡಿಸಬೇಕು.

ನಾನು ಚಿತ್ರಕಥೆಯ ಲೆಕ್ಕದಲ್ಲಿ ಹೇಳುತ್ತಿದ್ದೇನೆ. ಅಲ್ಲಿ ಒಂದು ಪುಟ ಅಂದರೆ ತೆರೆಯ ಮೇಲೆ ಹೆಚ್ಚುಕಮ್ಮಿ ಒಂದು ನಿಮಿಷ. ಆ ಲೆಕ್ಕ ಹುಟ್ಟಿದ್ದು 12 ಪಾಯಿಂಟ್ ಕೊರಿಯರ್ ಅಕ್ಷರದಲ್ಲಿ ಟೈಪ್ ಮಾಡಿದ ಇಂಗ್ಲಿಷ್ ಪುಟಕ್ಕೆ. ಕನ್ನಡದಲ್ಲಿ ಬರೆಯುವಾಗ ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಗಡಿಯಾರ ಇಟ್ಟುಕೊಂಡು, ನಡುವಿನ ಮೌನಗಳನ್ನೂ ಬಿಡದೆ, ಸೀನನ್ನು ಗಟ್ಟಿಯಾಗಿ ಓದಿ ನೋಡಿ. ಮೂರು ನಿಮಿಷ ಬಂದರೆ ಸಾಕು.

ಒಂದು ಉದಾಹರಣೆ ಕಟ್ಟೋಣ. ಕಥೆ ಒಂದು ಅಣೆಕಟ್ಟಿನದು. ನೀಲಾ ಅಲ್ಲಿನ ಕಂಟ್ರೋಲ್ ರೂಮಿನ ಆಪರೇಟರ್. ಗೇಟ್ ತೆರೆಯುವ ಮುಂಚೆ ಸೈರನ್ ಕೂಗಿಸಬೇಕು, ಕೆಳಗೆ ನದಿಯಲ್ಲಿರುವ ಜನ ದಡ ಸೇರಬೇಕು. ಸೈರನ್ ಕೆಟ್ಟಿದೆ. ಇದಿಷ್ಟು ಕಥೆಯ ಬೀಜ.

ಇಂಥ ಕಥೆಯ ಮೊದಲ ಕರಡು ಹೇಗಿರುತ್ತೆ ಅಂತ ನೋಡದೆಯೇ ಹೇಳಬಹುದು. ಮೊದಲ ಪುಟ ಪೂರ್ತಿ ಡ್ರೋನ್: ಮೋಡ, ನೀರು, ಗೋಡೆ, ಮತ್ತೆ ನೀರು. ಎರಡನೇ ಪುಟದಲ್ಲಿ ನೀಲಾ ಸಹೋದ್ಯೋಗಿಯ ಜೊತೆ ಮಾತಾಡುತ್ತಾಳೆ: "ನಿಂಗೇ ಗೊತ್ತಲ್ಲ, ಹತ್ತು ವರ್ಷದ ಹಿಂದೆ ಇದೇ ಗೇಟು ತೆರೆದಾಗ ಏನಾಯ್ತು ಅಂತ." ಗೊತ್ತಿದ್ದವನಿಗೆ ಯಾಕಮ್ಮ ಹೇಳ್ತೀಯ? ಮೂರನೇ ಪುಟದಲ್ಲಿ ಫೋನು, ಪ್ರವಾಹ, ಗಾಬರಿ. ಜಗತ್ತಿಗೊಂದು ಪುಟ, ಹಳೆಯ ಕಥೆಗೊಂದು, ಅಪಾಯಕ್ಕೊಂದು. ಓದುವವನಿಗೆ ಅಣೆಕಟ್ಟು ಕಂಡಿತು, ನೀಲಾ ಮಾತ್ರ ಕಾಣಲಿಲ್ಲ.

ಈಗ ಹೀಗೆ ಮಾಡಿ. ಸಂಜೆ 6 ಗಂಟೆ, ಪಾಳಿ ಬದಲಾಗುವ ಹೊತ್ತು. ನೀಲಾ ದಿನಾ ಮಾಡುವ ಕೆಲಸ ಮಾಡುತ್ತಿದ್ದಾಳೆ. ಮಾಪಕ ನೋಡಿ ಲಾಗ್ ಬುಕ್ಕಿನಲ್ಲಿ ನೀರಿನ ಮಟ್ಟ ಬರೆಯುತ್ತಾಳೆ. ಪಕ್ಕದಲ್ಲಿ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ. ನೀಲಾ ಸೈರನ್ ಪರೀಕ್ಷೆಯ ಬಟನ್ ಒತ್ತುತ್ತಾಳೆ. ಪ್ಯಾನೆಲ್ಲಿನಲ್ಲಿ ಹಸಿರು ದೀಪ ಹತ್ತುತ್ತೆ. ಸದ್ದಿಲ್ಲ. ಕಿಟಕಿಯಾಚೆ, ಕೆಳಗೆ ನದಿಯಲ್ಲಿ ಬಲೆ ಎಳೆಯುತ್ತಿರುವ ನಾಲ್ಕೈದು ಜನ. ಯಾರೂ ತಲೆ ಎತ್ತುವುದಿಲ್ಲ. ನೀಲಾ ಪೆನ್ನು ತೆಗೆದು ಬರೆಯುತ್ತಾಳೆ: "ಸೈರನ್: ಸರಿ ಇದೆ."

ಹುಡುಗ: "ಮೇಡಂ, ಕೇಳಿಸಲೇ ಇಲ್ಲ ಅಲ್ವಾ?"

ನೀಲಾ: "ದೀಪ ಹತ್ತಿತಲ್ಲ. ನೀನೂ ಸಹಿ ಹಾಕು."

ಹುಡುಗ ಪುಟ ಹಿಂದಕ್ಕೆ ತಿರುವುತ್ತಾನೆ. ಎಲ್ಲ ಪುಟದಲ್ಲೂ ಅದೇ ಅಕ್ಷರ, ಅದೇ "ಸರಿ ಇದೆ".

ಇಲ್ಲಿಗೆ ಒಂದೂವರೆ ಪುಟವಾಗಿರುತ್ತೆ. ಈ ಜಾಗದಲ್ಲಿ ಕಿವಿಗಿಂತ ಕಾಗದಕ್ಕೆ ಬೆಲೆ ಜಾಸ್ತಿ ಅಂತ ಗೊತ್ತಾಯಿತು. ಅದೇ ಇವರ ಜಗತ್ತು. ಅಣೆಕಟ್ಟಿನ ಎತ್ತರ, ಗೇಟುಗಳ ಸಂಖ್ಯೆ, ಊರಿನ ಹೆಸರು, ಇವೆಲ್ಲ ಆಮೇಲೆ ಬಂದರೂ ನಡೆಯುತ್ತೆ. ಯಾವುದೇ ಕಥೆಯ ಜಗತ್ತನ್ನು ನೋಟದಿಂದ ಹಿಡಿಯುವುದಕ್ಕಿಂತ ಅಲ್ಲಿನ ಒಂದು ನಿಯಮದಿಂದ ಹಿಡಿಯುವುದು ಸುಲಭ. ನಿಯಮ ಒಂದಿದೆ, ದಿನಾ ಅದನ್ನು ಮುರೀತಾರೆ, ಯಾರಿಗೂ ಅದು ದೊಡ್ಡ ವಿಷಯ ಅನ್ನಿಸಿಲ್ಲ. ಹೊಸ ಹುಡುಗ ಇರೋದು ಇದಕ್ಕೇ. ಅವನು ಕೇಳಬೇಕು, ಆದರೆ ಅವನಿಗೆ ಯಾರೂ ಪೂರ್ತಿ ಉತ್ತರ ಕೊಡಬಾರದು. ಕೊಟ್ಟರೆ ಮತ್ತೆ ಆ ಎರಡನೇ ಪುಟದ ಭಾಷಣ ಶುರುವಾಗುತ್ತೆ.

ಟೋನಿನ ಬಗ್ಗೆ ಜನ ಸಂಗೀತ, ಬೆಳಕು ಅಂತೆಲ್ಲ ಯೋಚಿಸುತ್ತಾರೆ. ಪುಟದ ಮೇಲೆ ಅವು ಯಾವುವೂ ಇಲ್ಲ. ಅಲ್ಲಿ ನಿಮ್ಮ ಕೈಯಲ್ಲಿರುವುದು ಯಾವುದನ್ನು ತೋರಿಸಬೇಕು, ಎಷ್ಟು ಉದ್ದದ ಸಾಲಿನಲ್ಲಿ ಹೇಳಬೇಕು, ಇಷ್ಟೇ. ಅದೇ ಬಟನ್ ಕ್ಷಣವನ್ನು ಎರಡು ಥರ ಬರೆದು ನೋಡಿ.

ಒಂದು: "ನೀಲಾ ಬಟನ್ ಒತ್ತುತ್ತಾಳೆ. ಹಸಿರು ದೀಪ. ಮೌನ. ಕೆಳಗೆ, ನೀರಿನಲ್ಲಿ, ಒಬ್ಬ ಹುಡುಗಿ ಬಲೆ ಬಿಡಿಸುತ್ತಿದ್ದಾಳೆ. ತಲೆ ಎತ್ತುವುದಿಲ್ಲ."

ಇನ್ನೊಂದು: "ನೀಲಾ ಬಟನ್ ಒತ್ತಿ, ಶಾಸ್ತ್ರಕ್ಕೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಾಳೆ. ಸೈರನ್ನಿನ ಕಹಳೆಯೊಳಗೆ ಗೂಡು ಕಟ್ಟಿಕೊಂಡಿರುವ ಪಾರಿವಾಳ ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೆ."

ಘಟನೆ ಒಂದೇ. ಮೊದಲನೆಯದನ್ನು ಓದಿದವನು ಸಾವಿಗೆ ಕಾಯುತ್ತಾನೆ, ಎರಡನೆಯದನ್ನು ಓದಿದವನು ನಗೋಕೆ ತಯಾರಾಗುತ್ತಾನೆ. ಎರಡನ್ನೂ ಬೆರೆಸಬಹುದು, ತಪ್ಪೇನಿಲ್ಲ. ಆದರೆ ಆ ಬೆರಕೆಯೂ ಮೊದಲ ಪುಟದಲ್ಲೇ ಕಾಣಬೇಕು. ಪಾರಿವಾಳದಿಂದ ಶುರು ಮಾಡಿ ನಲವತ್ತನೇ ಪುಟದಲ್ಲಿ ಇದ್ದಕ್ಕಿದ್ದ ಹಾಗೆ ಹೆಣ ತೋರಿಸಿದರೆ ಓದುವವನಿಗೆ ಮೋಸ ಹೋದ ಹಾಗಾಗುತ್ತೆ.

ಇನ್ನು ಪಣ. ಜಾಸ್ತಿ ಜನ ಎಡವೋದು ಇಲ್ಲೇ. ಪ್ರವಾಹ ಬಂದರೆ ಜನ ಸಾಯ್ತಾರೆ ಅನ್ನೋದು ಅಪಾಯ, ಸರಿ. ಅದು ಊರಿಗೆಲ್ಲ ಒಂದೇ. ನೀಲಾಳಿಗೆ ಮಾತ್ರ ಸೇರಿದ್ದು ಏನಾದರೂ ಅದರೊಳಗೆ ಸಿಕ್ಕಿಕೊಂಡಾಗ ನಮಗೆ ಚಡಪಡಿಕೆ ಶುರುವಾಗುತ್ತೆ. ಅದಕ್ಕಾಗಿ ಅವಳಿಗೊಂದು ಕಾಯಿಲೆಯ ಮಗುವನ್ನೋ, ಸಾಲವನ್ನೋ ತಂದು ಅಂಟಿಸಬೇಕಾಗಿಲ್ಲ. ಬೇಕಾದ್ದು ಆಗಲೇ ಮೇಜಿನ ಮೇಲಿದೆ.

ಎರಡನೇ ಪುಟದ ಕೊನೆಗೆ ಫೋನ್ ಬರಲಿ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ಇನ್ನು 40 ನಿಮಿಷದಲ್ಲಿ ಇಲ್ಲಿನ ಗೇಟ್ ತೆರೆಯಲೇಬೇಕು. ಆ ಕಡೆಯ ದನಿ ಸುಮ್ನೆ ವಾಡಿಕೆಯಂತೆ ಕೇಳುತ್ತೆ: "ಸೈರನ್ ಸರಿ ಇದೆ ತಾನೇ?" ನೀಲಾಳ ಕಣ್ಣು ಲಾಗ್ ಬುಕ್ಕಿನ ಮೇಲೆ. ಇಲ್ಲ ಅಂದರೆ ಹಿಂದಿನ ಪ್ರತಿ ಪುಟದ ಸಹಿಯೂ ಸುಳ್ಳು, ಕೆಲಸ ಹೋಗುತ್ತೆ, ಕೇಸೂ ಆಗಬಹುದು. ಇದೆ ಅಂದರೆ ನದಿಯಲ್ಲಿರುವ ಆ ನಾಲ್ಕೈದು ಜನ. ಜಗತ್ತನ್ನು ತೋರಿಸಿದ ಅದೇ ಸಹಿ ಈಗ ಅವಳ ಕುತ್ತಿಗೆಗೆ ಬಂದಿದೆ. ಅವಳು ಏನು ಕಳೆದುಕೊಳ್ಳಬಹುದು ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಮೊದಲ ಪುಟದಲ್ಲಿ ನಾವೇ ಕಣ್ಣಾರೆ ನೋಡಿದ್ದೇವೆ.

ಫೋನ್ ಮೊದಲು ಬಂದು ಸಹಿ ಆಮೇಲೆ ಬಂದರೆ ಇದು ಕೆಡುತ್ತೆ. ಆಗ ನೀಲಾ ಬೇಕೆಂದೇ ಜನರನ್ನು ಕೊಲ್ಲಲು ಹೊರಟವಳಾಗುತ್ತಾಳೆ. ಸಹಿ ಮೊದಲು ಬಿದ್ದಿದ್ದರೆ ಸೋಮಾರಿತನದ ಸುಳ್ಳು, ನಾವೂ ಹಾಕಿಬಿಡಬಹುದಾಗಿದ್ದ ಸಹಿ. ಇಡೀ ಸಿನಿಮಾ ಅವಳ ಪರ ನಿಲ್ಲುತ್ತೇವೋ ಇಲ್ಲವೋ ಅನ್ನೋದು ಈ ಒಂದು ಹಿಂದುಮುಂದಿನ ಮೇಲೆ ನಿಂತಿದೆ.

ಎಲ್ಲ ಕಥೆಗೂ ದೊಡ್ಡ ಪಣ ಇಲ್ಲೇ ಬರಬೇಕು ಅಂತೇನಿಲ್ಲ. ನಿಧಾನವಾಗಿ ಬಿಚ್ಚಿಕೊಳ್ಳುವ ಕಥೆಯಲ್ಲಿ ಮೂರನೇ ಪುಟಕ್ಕೆ ಚಿಕ್ಕದೊಂದು ಸಾಕು, ದೊಡ್ಡದರ ಕಡೆಗೆ ಅದು ಮುಖ ಮಾಡಿದ್ದರೆ ಆಯಿತು. ನೀಲಾಳ ಕಥೆಯಲ್ಲೂ ಫೋನನ್ನು ಆಮೇಲಕ್ಕೆ ತಳ್ಳಿ, ಹುಡುಗ ಸಹಿ ಹಾಕಲು ಒಪ್ಪದೆ ಪೆನ್ನು ಕೆಳಗಿಡುವಲ್ಲಿಗೇ ಸೀನ್ ನಿಲ್ಲಿಸಬಹುದು.

ಬರೆದಾದ ಮೇಲೆ, ಕಥೆ ಗೊತ್ತಿಲ್ಲದ ಯಾರಿಗಾದರೂ ಮೂರು ಪುಟ ಕೊಟ್ಟು, "ನಿಂಗೆ ಈಗ ಯಾವುದರ ಭಯ?" ಅಂತ ಕೇಳಿ. "ಪ್ರವಾಹ" ಅಂದರೆ ಅಪಾಯ ಮಾತ್ರ ತಲುಪಿದೆ, ಲಾಗ್ ಬುಕ್ಕಿನ ಹತ್ತಿರ ವಾಪಸ್ ಹೋಗಿ. "ಅವಳು ಫೋನಲ್ಲಿ ಹೂಂ ಅಂದುಬಿಡ್ತಾಳೇನೋ" ಅಂದರೆ ಸೀನ್ ಗೆದ್ದಿದೆ. ಆಗ ಅವಳ ಉತ್ತರವನ್ನು ಬರೆದಿದ್ದರೆ ಹೊಡೆದುಹಾಕಿ. ಅದು ನಾಲ್ಕನೇ ಪುಟದ ಕೆಲಸ.