ಗುಂಪಿಗೆ ಸೇರದ ಚೀಟಿ

"ಚಿಕ್ಕಮ್ಮ, ಇದು ಯಾವ ಗುಂಪಿಗೂ ಸೇರುವುದಿಲ್ಲ. ಬಿಟ್ಟುಬಿಡಲೇ?"

ಅಕ್ಕನ ಮಗಳ ಈ ಪ್ರಶ್ನೆ ವಾರವೆಲ್ಲ ಕಿವಿಯಲ್ಲೇ ಉಳಿದಿದೆ. ಬೆಂಗಳೂರಿನ ಕೆರೆಗಳ ಬಗ್ಗೆ ಅವಳು ಪ್ರಬಂಧ ಬರೆಯಬೇಕಿತ್ತು. ಗೋಡೆಗೆ ಅಂಟಿಸಿದ್ದ ಹಳದಿ ಚೀಟಿಗಳನ್ನೂ ಜೆರಾಕ್ಸ್ ಪುಟಗಳ ಅಂಚಿನಲ್ಲಿ ಗೀಚಿದ್ದನ್ನೂ ಮೊಬೈಲಿನಲ್ಲಿ ಫೋಟೊ ತೆಗೆದು ತಂದಿದ್ದಳು. ಒಂದು ಫೋಟೊದಲ್ಲಿ ಅಂಚಿನ "ಹೌದೇ?" ಮಾತ್ರ ಇತ್ತು, ಯಾವ ಸಾಲಿಗೆ ಆ ಅನುಮಾನ ಎಂಬುದೇ ಕಾಣುತ್ತಿರಲಿಲ್ಲ. ಅಂಚಿನ ಬರಹಕ್ಕೆ ಪಕ್ಕದ ಸಾಲೇ ಜೀವ, ಪುಟಸಂಖ್ಯೆ ಸಹಿತ ಇಡೀ ಪುಟವನ್ನೇ ತೆಗೆಯಬೇಕು. ಅದೊಂದನ್ನು ಮತ್ತೆ ತೆಗೆಸಿದೆ.

ಆಮೇಲೆ ಒಂದು ವಿಚಾರಕ್ಕೆ ಒಂದು ತುಂಡು ಕಾಗದದಂತೆ ಎಲ್ಲವನ್ನೂ ನಕಲು ಮಾಡಿದೆವು. ಪುಸ್ತಕದ ಮಾತಿಗೆ ಪುಟಸಂಖ್ಯೆ, ಅವಳ ಸ್ವಂತ ಮಾತಿಗೆ "ನಾನು" ಎಂಬ ಗುರುತು. ಇದನ್ನು ಬಿಟ್ಟರೆ ಬರೆಯುವ ಹೊತ್ತಿಗೆ ಯಾರ ಮಾತು ಯಾವುದೆಂದು ತಿಳಿಯುವುದಿಲ್ಲ.

ಅವಳು ಮೊದಲು ಕೆರೆಯ ಹೆಸರಿನ ಮೇಲೆ ಗುಂಪು ಮಾಡಿದಳು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಬೆಳ್ಳಂದೂರಿನ ನೊರೆಗೆ 2015ರಲ್ಲಿ ಬೆಂಕಿ ಬಿತ್ತು. ಅದು ಪಟ್ಟಿಯಾಯಿತೇ ಹೊರತು ಪ್ರಬಂಧವಾಗಲಿಲ್ಲ. ಜಪಾನಿನ ಮಾನವಶಾಸ್ತ್ರಜ್ಞ ಜಿರೊ ಕವಾಕಿತ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಜೋಡಿಸಲು ರೂಪಿಸಿದ ವಿಧಾನದಲ್ಲಿ ಶೀರ್ಷಿಕೆ ಮೊದಲು ಬರುವುದಿಲ್ಲ. ಹತ್ತಿರವೆನಿಸಿದ ಚೀಟಿಗಳು ಮೊದಲು ಕೂಡುತ್ತವೆ, ಹೆಸರು ಆಮೇಲೆ. ಆ ಹೆಸರು ಒಂದು ಪೂರ್ಣ ವಾಕ್ಯವಾಗಿರಲಿ ಎಂದು ನಾನು ಹಟ ಹಿಡಿದೆ. "ಮಾಲಿನ್ಯ" ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ. "ನಗರ ಬಳಸಿ ಬಿಟ್ಟ ನೀರು ಕೆರೆಗೆ ಹರಿಯುತ್ತದೆ" ಎಂದರೆ ಒಂದು ವಾದ ಹುಟ್ಟುತ್ತದೆ. ಪೀಠಿಕೆ, ನಿರೂಪಣೆ, ಉಪಸಂಹಾರ ಎಂಬ ಮೂರು ಖಾನೆಗಳನ್ನು ಮೊದಲೇ ಕೊಟ್ಟು ತುಂಬಿ ತನ್ನಿ ಎನ್ನುವ ಮೇಷ್ಟರುಗಳ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಮಕ್ಕಳು ಯೋಚಿಸುವ ಮೊದಲೇ ಯೋಚನೆಗೆ ಬೇಲಿ ಬೀಳುತ್ತದೆ.

ಎರಡನೆಯ ಸಲ ಎರಡು ಗುಂಪುಗಳಾದವು: ಮುಚ್ಚಿಹೋದ ಕೆರೆಗಳು, ಕೊಳಚೆ ತುಂಬಿದ ಕೆರೆಗಳು. ಆಗ ಉಳಿದದ್ದೇ ಆ ಚೀಟಿ: "1894, ಹೆಸರಘಟ್ಟದ ನೀರು ನಲ್ಲಿಗೆ. ಆಮೇಲೆ ಕೆರೆ ಯಾರಿಗೆ ಬೇಕು?" ಪಕ್ಕದಲ್ಲಿ "ನಾನು" ಎಂಬ ಗುರುತು.

"ಬಿಡಬೇಡ, ಎರಡು ಗುಂಪುಗಳ ನಡುವೆ ಇಡು" ಎಂದೆ. ಇಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳಿದಳು: "ಹೊರಗಿನಿಂದ ನಲ್ಲಿಗೆ ನೀರು ಬಂದ ಮೇಲೆ ಊರೊಳಗಿನ ಕೆರೆ ಬರೀ ಜಾಗವಾಯಿತು. 1974ರಲ್ಲಿ ಕಾವೇರಿಯೂ ಬಂತು. ಅಷ್ಟು ನೀರು ಬಳಸಿದ ಮೇಲೆ ಕೆಳಗಿನ ಕೆರೆಗಳಿಗೇ ತಾನೇ ಹೋಗಬೇಕು?"

ಎರಡು ಗುಂಪುಗಳಿಗೂ ಒಂದೇ ಕಾರಣ! ಅದು ಯಾವ ಪುಸ್ತಕದ ಮಾತೂ ಅಲ್ಲ, ಅವಳೇ ಗೀಚಿದ್ದು. ಬೇರೆ ಕಾರಣಗಳೂ ಇದ್ದೇ ಇವೆ, ನಲ್ಲಿಯೊಂದರಿಂದಲೇ ಕೆರೆ ಸತ್ತಿತೆಂದು ಬರೆಯಲಾಗದು. ಅದಕ್ಕೆ ಆಧಾರ ಹುಡುಕಬೇಕು. ಆ ಚೀಟಿಯ ಕೆಳಗೆ "ಪುರಾವೆ?" ಎಂದು ಬರೆದುಕೊಂಡು ಮರುದಿನ ಗ್ರಂಥಾಲಯಕ್ಕೆ ಹೋದಳು.