ಗ್ಯಾಸ್ ಮಾತ್ರೆ, ನೀರಿನ ಮಾತ್ರೆ, ಸೆಟೆದುಕೊಳ್ಳುವ ಬೆರಳು

"ಕೈಬೆರಳು ಸೆಟ್ಕಂತಾವೆ ಸಾರ್, ರಾತ್ರಿ ಮೀನಖಂಡ ಹಿಡ್ಕಂತೈತೆ. ಕ್ಯಾಲ್ಸಿಯಂ ಮಾತ್ರೆ ನುಂಗಿ ನುಂಗಿ ಸಾಕಾಯ್ತು, ಯಾಕೆ ಹೋಗ್ತಿಲ್ಲ?"

ಇದನ್ನು ಕೇಳಿದವರಿಗೆ ನಾನು ಮೊದಲು ಹೇಳುವುದು, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ತನ್ನಿ ಅಂತ. ಉತ್ತರ ಬಹಳ ಸಲ ಆ ಚೀಲದಲ್ಲೇ ಇರುತ್ತದೆ.

ಜಗಳೂರು ಕಡೆಯಿಂದ ದಾವಣಗೆರೆಗೆ ಬಂದಿದ್ದ ಅರವತ್ತು ದಾಟಿದ ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಎರಡು ತಿಂಗಳಿಂದ ಕೈ ನಡುಕ, ತುಟಿಯ ಸುತ್ತ ಜುಮು ಜುಮು, ಸುಸ್ತು. ಬೇರೆ ಕಡೆ ಎರಡು ಸಲ ಕ್ಯಾಲ್ಸಿಯಂ ಇಂಜೆಕ್ಷನ್ ಆಗಿತ್ತು. ಹಾಕಿದ ದಿನ ಆರಾಮ, ಎರಡು ದಿನಕ್ಕೆ ಮತ್ತೆ ಅದೇ ಕಥೆ. ನಾನು ಬಿಪಿ ನೋಡಲು ಪಟ್ಟಿ ಕಟ್ಟಿ, ಗಾಳಿ ತುಂಬಿ ಹಾಗೇ ಹಿಡಿದೆ. ಎರಡು ನಿಮಿಷ ಆಗಿರಲಿಲ್ಲ, ಅವರ ಕೈ ತಾನಾಗಿ ಮಡಚಿಕೊಳ್ಳತೊಡಗಿತು. ಮಣಿಕಟ್ಟು ಬಾಗಿತು, ಹೆಬ್ಬೆರಳು ಅಂಗೈ ಒಳಗೆ ಹೋಯಿತು, ಉಳಿದ ಬೆರಳು ನೆಟ್ಟಗೆ ಒಂದಕ್ಕೊಂದು ಅಂಟಿಕೊಂಡವು. ಕುಂಕುಮ ಇಡಲು ಬೆರಳು ಕೂಡಿಸುತ್ತೇವಲ್ಲ, ಹಾಗೆ. ಬಿಡಿಸಲು ನೋಡಿದರೆ ಅವರಿಗೇ ಆಗುತ್ತಿರಲಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಇಳಿದಾಗ ಕೈ ಹೀಗಾಗುತ್ತದೆ.

ಚೀಲದಲ್ಲಿ ಏನಿತ್ತು? ಒಂದು, ಪ್ಯಾಂಟೊಪ್ರಜೋಲ್ ಮತ್ತು ಡೊಂಪೆರಿಡೋನ್ ಸೇರಿದ ಕ್ಯಾಪ್ಸೂಲ್. ನಾಲ್ಕು ವರ್ಷದ ಹಿಂದೆ ಮಂಡಿನೋವಿನ ಮಾತ್ರೆ ಜೊತೆ ಹೊಟ್ಟೆ ಉರಿಯದಿರಲಿ ಅಂತ ಕೊಟ್ಟಿದ್ದು. ನೋವಿನ ಮಾತ್ರೆ ಹದಿನೈದು ದಿನಕ್ಕೆ ನಿಂತಿತ್ತು. ಇದು ಮಾತ್ರ ನಿಲ್ಲಲೇ ಇಲ್ಲ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು. ಎರಡು, ಬಿಪಿಗೆ ಕ್ಲೋರ್ಥಾಲಿಡೋನ್ ಇರುವ ಮಾತ್ರೆ, ಅಂದರೆ ಮೂತ್ರ ಜಾಸ್ತಿ ಮಾಡಿಸುವ, ನಾವು ನೀರಿನ ಮಾತ್ರೆ ಅನ್ನುವ ಜಾತಿಯದ್ದು. ಮೂರನೆಯದು ಕ್ಯಾಲ್ಸಿಯಂ.

ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ 6.8 ಇತ್ತು, ಇರಬೇಕಾದ್ದು 8.5ರ ಮೇಲೆ. ಪೊಟ್ಯಾಸಿಯಂ 2.9, ಇರಬೇಕಾದ್ದು 3.5ರ ಮೇಲೆ. ಮೆಗ್ನೀಸಿಯಂ 0.7. ಸಾಮಾನ್ಯವಾಗಿ ಅದು 1.7ರಿಂದ 2.2ರ ಒಳಗಿರಬೇಕು. ಕಿಡ್ನಿ ಚೆನ್ನಾಗಿತ್ತು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಲ್ಯಾಬಿನಲ್ಲಿ "ಎಲೆಕ್ಟ್ರೊಲೈಟ್" ಅಂತ ಮಾಡಿಸಿದರೆ ಬರುವುದು ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಅಷ್ಟೇ. ಮೆಗ್ನೀಸಿಯಂ ಬೇಕೆಂದು ಬೇರೆಯಾಗಿ ಬರೆಯದಿದ್ದರೆ ಅದು ರಿಪೋರ್ಟಿನಲ್ಲಿ ಇರುವುದೇ ಇಲ್ಲ. ಈ ಅಜ್ಜಿಗೂ ಹಾಗೇ ಆಗಿತ್ತು. ಹಳೆಯ ಎರಡೂ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಕಡಿಮೆ ಇತ್ತು, ಯಾಕೆ ಕಡಿಮೆ ಅಂತ ಯಾರೂ ಹುಡುಕಿರಲಿಲ್ಲ.

ಮೂರರಲ್ಲಿ ಬೇರು ಮೆಗ್ನೀಸಿಯಂ. ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ನಾಲ್ಕು ಚಿಕ್ಕ ಗ್ರಂಥಿಗಳಿವೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಅವು ಹಾರ್ಮೋನ್ ಬಿಟ್ಟು ಮೂಳೆಯಿಂದ ಕ್ಯಾಲ್ಸಿಯಂ ತರಿಸುತ್ತವೆ. ಮೆಗ್ನೀಸಿಯಂ ತೀರಾ ಇಳಿದಾಗ ಆ ಹಾರ್ಮೋನ್ ಸರಿಯಾಗಿ ಹೊರಬರುವುದಿಲ್ಲ, ಬಂದಷ್ಟಕ್ಕೂ ಮೂಳೆ ಓಗೊಡುವುದಿಲ್ಲ. ಪೊಟ್ಯಾಸಿಯಂ ಕಥೆಯೂ ಹಾಗೇ. ಅದು ಮೂತ್ರಕ್ಕೆ ಸೋರುವ ಬಾಗಿಲನ್ನು ಕಿಡ್ನಿಯ ಜೀವಕೋಶದೊಳಗಿನ ಮೆಗ್ನೀಸಿಯಂ ಅರ್ಧ ಮುಚ್ಚಿಟ್ಟಿರುತ್ತದೆ. ಅದಿಲ್ಲದಿದ್ದರೆ ಬಾಗಿಲು ಪೂರ್ತಿ ತೆರೆದಂತೆ. ಅದಕ್ಕೇ ಕ್ಯಾಲ್ಸಿಯಂ ಕೊಟ್ಟರೂ ನಿಲ್ಲುವುದಿಲ್ಲ, ಪೊಟ್ಯಾಸಿಯಂ ಸಿರಪ್ ಕುಡಿಸಿದರೂ ಏರುವುದಿಲ್ಲ.

ಇನ್ನು ಗ್ಯಾಸ್ ಮಾತ್ರೆಗೂ ಇದಕ್ಕೂ ಏನು ಸಂಬಂಧ? ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್, ಎಲ್ಲವೂ ಒಂದೇ ಗುಂಪಿನವು. ದೀರ್ಘಕಾಲ ತಗೊಂಡವರಲ್ಲಿ ಕೆಲವರಿಗೆ ಕರುಳು ಊಟದಲ್ಲಿನ ಮೆಗ್ನೀಸಿಯಂ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರ ಮಾರ್ಚ್‌ನಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಹೆಚ್ಚಿನವರಲ್ಲಿ ಒಂದು ವರ್ಷ ದಾಟಿದ ಮೇಲೆ ಕಾಣಿಸಿಕೊಂಡಿತ್ತು. ಸುಮಾರು ಕಾಲುಭಾಗ ಮಂದಿಯಲ್ಲಿ ಬರೀ ಮೆಗ್ನೀಸಿಯಂ ಕೊಟ್ಟರೆ ಸಾಲಲಿಲ್ಲ, ಗ್ಯಾಸ್ ಮಾತ್ರೆಯನ್ನೇ ನಿಲ್ಲಿಸಬೇಕಾಯಿತು. ದಿನಾ ತಗೊಳ್ಳುವ ಎಲ್ಲರಿಗೂ ಹೀಗಾಗುತ್ತದೆ ಅಂತ ಅಲ್ಲ. ಆದರೆ ಜೊತೆಗೆ ನೀರಿನ ಮಾತ್ರೆಯೂ ಇದ್ದರೆ ಅಪಾಯ ಜಾಸ್ತಿ. ಒಳಬರುವುದು ಕಡಿಮೆ, ಹೊರಹೋಗುವುದು ಜಾಸ್ತಿ, ಎರಡೂ ಕಡೆಯಿಂದ ಹೊಡೆತ.

ಸೋರುತ್ತಿರುವುದು ಎಲ್ಲಿ ಅಂತ ಮೂತ್ರ ಪರೀಕ್ಷೆಯಿಂದ ತಿಳಿಯಬಹುದು. ರಕ್ತ, ಮೂತ್ರ ಎರಡರಲ್ಲೂ ಮೆಗ್ನೀಸಿಯಂ ಮತ್ತು ಕ್ರಿಯಾಟಿನಿನ್ ಅಳೆದು ಲೆಕ್ಕ ಹಾಕುತ್ತೇವೆ. ರಕ್ತದಲ್ಲಿ ಕೊರತೆ ಇದ್ದಾಗ ಒಳ್ಳೆಯ ಕಿಡ್ನಿ ಜಿಪುಣ ಆಗಬೇಕು. ಸೋಸಿದ 100 ಪಾಲಿನಲ್ಲಿ 2 ಪಾಲು ಕೂಡ ಮೂತ್ರಕ್ಕೆ ಬಿಡಬಾರದು. ಬರೀ ಗ್ಯಾಸ್ ಮಾತ್ರೆಯ ತೊಂದರೆ ಆಗಿದ್ದರೆ ಲೆಕ್ಕ ಅಷ್ಟರೊಳಗೇ ಬರಬೇಕು. ಅಜ್ಜಿಯದ್ದು 5 ಬಂತು. ಅಂದರೆ ಕಿಡ್ನಿಯೂ ಸೋರುತ್ತಿತ್ತು, ನೀರಿನ ಮಾತ್ರೆಯೂ ಪಾಲುದಾರ. ಈ ಸ್ಯಾಂಪಲ್ ಡ್ರಿಪ್ ಹಾಕುವ ಮೊದಲೇ ತೆಗೆದಿಡಬೇಕು, ಆಮೇಲೆ ತೆಗೆದರೆ ಲೆಕ್ಕ ತಪ್ಪುತ್ತದೆ.

ನನಗೆ ನಿಜವಾಗಿ ಭಯ ಆಗಿದ್ದು ಇಸಿಜಿ ನೋಡಿ. ಪ್ರತಿ ಬಡಿತದ ನಂತರ ಹೃದಯ ಮತ್ತೆ ಸಜ್ಜಾಗುವ ಸಮಯ ಉದ್ದವಾಗಿತ್ತು. ನಾವು ಅದನ್ನು ಕ್ಯೂಟಿ ಅನ್ನುತ್ತೇವೆ. ಮೆಗ್ನೀಸಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಮೂರೂ ಇಳಿದರೆ ಅದು ಉದ್ದ ಆಗುತ್ತದೆ. ಡೊಂಪೆರಿಡೋನ್ ಕೂಡ ಅದನ್ನೇ ಮಾಡುತ್ತದೆ. ಹೀಗಿದ್ದಾಗ ಬಡಿತ ಹಠಾತ್ತನೆ ತಾಳ ತಪ್ಪಿ ಜನ ಬಿದ್ದುಬಿಡಬಹುದು, ಫಿಟ್ಸ್ ಕೂಡ ಬರಬಹುದು. ಒಂದೇ ಕ್ಯಾಪ್ಸೂಲಿನ ಒಂದು ಅರ್ಧ ಮೆಗ್ನೀಸಿಯಂ ಇಳಿಸುತ್ತದೆ, ಇನ್ನೊಂದರ್ಧ ಅದೇ ಹೃದಯದ ಮೇಲೆ ಭಾರ ಹಾಕುತ್ತದೆ. ವರ್ಷಗಟ್ಟಲೆ ಅದನ್ನು ನುಂಗುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ.

ಎರಡೂ ಮಾತ್ರೆ ಅಂದೇ ನಿಲ್ಲಿಸಿ ಅಡ್ಮಿಟ್ ಮಾಡಿಕೊಂಡೆವು. ಬೆರಳು ಬಿಡಿಸಲು ಕ್ಯಾಲ್ಸಿಯಂ ಒಮ್ಮೆ ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟೆವು, ಪೊಟ್ಯಾಸಿಯಂ ಕೂಡ ಹಾಕಿದೆವು. ಮುಖ್ಯ ಮದ್ದು ಮೆಗ್ನೀಸಿಯಂ ಸಲ್ಫೇಟ್. ನಮ್ಮಲ್ಲಿ ಸಿಗುವ 2 ಮಿಲಿಯ ಆಂಪೂಲಿನಲ್ಲಿ 1 ಗ್ರಾಂ ಇರುತ್ತದೆ. 2 ಗ್ರಾಂ ಅನ್ನು ಸಲೈನಿನಲ್ಲಿ ಬೆರೆಸಿ ಒಂದು ಗಂಟೆಯಲ್ಲಿ, ಆಮೇಲೆ 4 ಗ್ರಾಂ ಅನ್ನು ಹನ್ನೆರಡು ಗಂಟೆಯಲ್ಲಿ. ಯಾಕಿಷ್ಟು ನಿಧಾನ ಅಂದರೆ, ರಕ್ತದ ಮಟ್ಟ ಸರಕ್ಕನೆ ಏರಿದರೆ ಕಿಡ್ನಿ ಹೆಚ್ಚಾಯಿತು ಅಂದುಕೊಂಡು ಹೊರಹಾಕುತ್ತದೆ. ಕೊಟ್ಟದ್ದರಲ್ಲಿ ಅರ್ಧದಷ್ಟು ಮೂತ್ರಕ್ಕೇ ಹೋಗಬಹುದು. ಮೈಯಲ್ಲಿರುವ ಮೆಗ್ನೀಸಿಯಂನಲ್ಲಿ ರಕ್ತದಲ್ಲಿರುವುದು ನೂರಕ್ಕೆ ಒಂದು ಪಾಲು ಮಾತ್ರ, ಉಳಿದದ್ದು ಮೂಳೆ ಮತ್ತು ಮಾಂಸದೊಳಗೆ. ಹಾಗಾಗಿ ಮಾರನೇ ದಿನದ ರಿಪೋರ್ಟ್ 1.8 ತೋರಿಸಿದರೂ ನಿಲ್ಲಿಸಲಿಲ್ಲ, ಮೂರು ದಿನ ಕೊಟ್ಟೆವು. ಅಷ್ಟೂ ದಿನ ಮಂಡಿಯ ಕೆಳಗೆ ಸುತ್ತಿಗೆಯಿಂದ ತಟ್ಟಿ ನೋಡುತ್ತಿದ್ದೆವು. ಕಾಲು ಎಗರುವುದು ನಿಂತರೆ ಮೆಗ್ನೀಸಿಯಂ ಮಿತಿಮೀರಿದೆ ಅಂತ ಅರ್ಥ.

ಮನೆಗೆ ಹೋಗುವಾಗ ಕೆಲವು ವಾರಕ್ಕೆ ಮೆಗ್ನೀಸಿಯಂ ಮಾತ್ರೆ ಕೊಟ್ಟೆ. ಅದು ಹೊಟ್ಟೆ ಸಡಿಲ ಮಾಡುತ್ತದೆ, ಭೇದಿ ಆದರೆ ಇನ್ನಷ್ಟು ಮೆಗ್ನೀಸಿಯಂ ಹೋಗುತ್ತದೆ, ಅದಕ್ಕೆ ಊಟದ ಜೊತೆ ಸ್ವಲ್ಪ ಸ್ವಲ್ಪ. ಬಿಪಿಗೆ ಆಮ್ಲೊಡಿಪಿನ್. ಗ್ಯಾಸಿಗೆ ಫ್ಯಾಮೊಟಿಡಿನ್, ರಾತ್ರಿ ಒಂದು. ಪ್ಯಾಂಟೊಪ್ರಜೋಲ್ ಬಿಟ್ಟ ಮೊದಲ ಎರಡು ಮೂರು ವಾರ ಎದೆಯುರಿ ಮೊದಲಿಗಿಂತ ಜೋರಾಗಬಹುದು ಅಂತ ಮೊದಲೇ ಹೇಳಿದ್ದೆ. ಅದುಮಿಟ್ಟ ಆಸಿಡ್ ಪುಟಿಯುವುದು ಅದು, ತಾನಾಗಿ ಇಳಿಯುತ್ತದೆ. ಹತ್ತು ದಿನದ ಮೇಲೆ ಅಜ್ಜಿ ಬಂದು "ಉರಿ ತಡಿಯಾಕಾಗ್ತಿಲ್ಲ, ಆ ಹಳೇ ಮಾತ್ರೆನೇ ಕೊಡ್ರಿ" ಅಂದರು. ಸ್ವಲ್ಪ ದಿನ ಮಂಡಕ್ಕಿ ಮಿರ್ಚಿ ಬಿಡಿ, ರಾತ್ರಿ ಊಟ ಬೇಗ ಮುಗಿಸಿ ಅಂತ ಹೇಳಿ ಕಳಿಸಿದೆ. ತಿಂಗಳಿಗೆ ಉರಿ ಇಳಿಯಿತು. ಆಗ ಮೆಗ್ನೀಸಿಯಂ 1.9, ಕ್ಯಾಲ್ಸಿಯಂ 9.1, ಅದೂ ಕ್ಯಾಲ್ಸಿಯಂ ಮಾತ್ರೆ ಇಲ್ಲದೆ.

ಇದನ್ನು ಓದಿ ನಿಮ್ಮ ಗ್ಯಾಸ್ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋದವರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಎರಡು ಮಾತ್ರೆ ತಗೊಳ್ಳುವವರು, ಇವರಿಗೆ ಅದು ಬೇಕೇ ಬೇಕಾಗಬಹುದು. ಅಂಥವರು ಡಾಕ್ಟರಿಗೆ ಹೇಳಿ ಆಗಾಗ ಮೆಗ್ನೀಸಿಯಂ ಪರೀಕ್ಷೆ ಮಾಡಿಸಿದರೆ ಸಾಕು. ಕಿಡ್ನಿ ಕೆಲಸ ಕುಂದಿದವರು ಅಂಗಡಿಯಿಂದ ಮೆಗ್ನೀಸಿಯಂ ಮಾತ್ರೆ ತಂದು ನುಂಗಲೇಬಾರದು. ಅವರ ಮೈಯಲ್ಲಿ ಅದು ಹೊರಹೋಗದೆ ಕೂಡುತ್ತಾ ಹೋಗಿ ಉಸಿರಾಟಕ್ಕೇ ಕುತ್ತು ತರುತ್ತದೆ.