ಟ್ರಾಸ್ಟೆವೆರೆಯ ಮೆನು ಮುಂದೆ ಅರ್ಧ ಗಂಟೆ

ರೋಮಿನಲ್ಲಿ ಕೊಲೊಸಿಯಂ, ವ್ಯಾಟಿಕನ್ ಎಲ್ಲಾ ನೋಡಿದೆವು. ಅವುಗಳ ಫೋಟೋ ನೀವೂ ಬೇಕಾದಷ್ಟು ನೋಡಿರುತ್ತೀರಿ. ನನಗೆ ಮಜಾ ಕೊಟ್ಟಿದ್ದು ಅಲ್ಲಿನ ಟ್ರಾಸ್ಟೆವೆರೆ ಬಡಾವಣೆಯಲ್ಲಿ ಊಟಕ್ಕೆ ಕಾದ ಅರ್ಧ ಗಂಟೆ.

ಅಲ್ಲಿ ಬಹಳಷ್ಟು ಕಡೆ ರಾತ್ರಿ ಊಟ ಶುರುವಾಗುವುದೇ ಏಳೂವರೆಗೆ. ನಾವು ಏಳಕ್ಕೇ ಹೋಗಿ ನಿಂತಿದ್ದೆವು. ಮೆನು ಬಾಗಿಲ ಪಕ್ಕದಲ್ಲೇ ನೇತುಹಾಕಿತ್ತು. ಅಮ್ಮ ಅಪ್ಪಟ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ರೋಮಿನಲ್ಲೇ ಇರುವ ಅತ್ತಿಗೆ ಓದಿ ಹೇಳತೊಡಗಿದರು.

"ಅತ್ತೆ, ಆಂಟಿಪಾಸ್ತಿ ಅಂದ್ರೆ ಮೊದಲು ತಿನ್ನೋ ತಿಂಡಿ. ಪ್ರೀಮಿ ಅಂದ್ರೆ ಪಾಸ್ತಾ, ರಿಸೊಟ್ಟೊ. ಸೆಕೊಂದಿ ಹೆಚ್ಚಾಗಿ ಮಾಂಸ, ಮೀನು. ಕೊಂತೊರ್ನಿ ತರಕಾರಿ. ಎಲ್ಲಾ ತಗೋಬೇಕು ಅಂತೇನಿಲ್ಲ."

ಆಂಟಿಪಾಸ್ತಿಯಲ್ಲಿ 'ಫಿಯೋರಿ ದಿ ಜುಕ್ಕಾ' ಇತ್ತು. ಕುಂಬಳ ಜಾತಿಯ ಹೂವನ್ನು ಹಿಟ್ಟಿನಲ್ಲಿ ಅದ್ದಿ ಕರಿದದ್ದು. "ಹೂವಿನ ಬಜ್ಜಿ!" ಎಂದು ಅಮ್ಮ ಖುಷಿಪಟ್ಟರು. ಅತ್ತಿಗೆ ಬೇಡವೆಂದು ತಲೆಯಾಡಿಸಿದರು. ರೋಮಿನವರು ಅದರೊಳಗೆ ಮೊಜ್ಜರೆಲ್ಲಾ ಜೊತೆ ಒಂದು ತುಂಡು 'ಅಲಿಚಿ' ಇಡುತ್ತಾರೆ. ಅದು ಉಪ್ಪಿನಲ್ಲಿಟ್ಟ ಸಣ್ಣ ಮೀನು. 'ಅಚ್ಚೂಗೆ' ಅಂತ ಬರೆದಿದ್ದರೂ ಅದೇ. ಕಾರ್ಬೊನಾರಾ, ಅಮಾತ್ರಿಚಾನಾ ಪಾಸ್ತಾ ಎರಡರಲ್ಲೂ 'ಗ್ವಾಂಚಾಲೆ' ಇರುತ್ತದೆ. ಅಂದರೆ ಹಂದಿಯ ಕೆನ್ನೆಯ ಮಾಂಸ.

"ಇದ್ರಲ್ಲಿ ಬರೀ ಚೀಸು, ಮೆಣಸು ತಾನೆ?" ಅಮ್ಮ 'ಕಾಚೊ ಎ ಪೇಪೆ' ಮೇಲೆ ಬೆರಳಿಟ್ಟರು. ಅತ್ತಿಗೆ ಸ್ವಲ್ಪ ಹಿಂಜರಿದರು.

"ಅದಕ್ಕೆ ಹಾಕೋದು ಪೆಕೊರಿನೊ ರೊಮಾನೊ, ಅತ್ತೆ. ಕುರಿ ಹಾಲಿನ ಚೀಸು. ಆ ಹಾಲು ಗಟ್ಟಿಯಾಗೋಕೆ ಕುರಿಮರಿ ಹೊಟ್ಟೆಯಿಂದ ತೆಗೆದದ್ದನ್ನ ಹಾಕ್ತಾರೆ. ಪಾರ್ಮಿಜಾನೊ ರೆಜ್ಜಾನೊಗೆ ಕರುವಿನ ಹೊಟ್ಟೆಯದ್ದು."

ಅಮ್ಮ ಬೆರಳು ತೆಗೆದರು. "ಇವರ ಮನೇಲಿ ನಿಂಬೆಹಣ್ಣು ಇಲ್ವಾ?"

ನಾನು ನಕ್ಕೆ. ಅತ್ತಿಗೆ ನಗಲಿಲ್ಲ, ಅತ್ತೆಗೆ ಉತ್ತರ ಕೊಡಬೇಕಿತ್ತಲ್ಲ. ನಿಂಬೆಹುಳಿಯಲ್ಲಿ ಒಡೆದ ಹಾಲು ಪನೀರ್ ಆಗುತ್ತೆ, ತಿಂಗಳುಗಟ್ಟಲೆ ಮಾಗಿಸೋ ಗಟ್ಟಿ ಚೀಸು ಆಗಲ್ಲ ಅಂತ ವಿವರಿಸಿದರು. ಅಮ್ಮನಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಕೊನೆಗೆ ಗೆದ್ದಿದ್ದು 'ಪೆನ್ನೆ ಅಲ್ಲಾರಾಬ್ಬಿಯಾತಾ'. ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಪೆನ್ನೆಯಂಥ ಒಣ ಪಾಸ್ತಾ ಸಾಮಾನ್ಯವಾಗಿ ಬರೀ ಗೋಧಿ ರವೆ, ನೀರಿನದ್ದು. ಫೆತ್ತುಚ್ಚೀನೆಯಂಥ ತಾಜಾ ಪಾಸ್ತಾದಲ್ಲಿ ಮೊಟ್ಟೆ ಇರುವುದೇ ಜಾಸ್ತಿ. ಮೇಲೆ ಪೆಕೊರಿನೊ ಉದುರಿಸಿಬಿಡುತ್ತಾರೆಂದು ಅತ್ತಿಗೆ "ಸೆಂಜಾ ಫೊರ್ಮಾಜ್ಜೊ", ಚೀಸು ಬೇಡ, ಎಂದು ಎರಡು ಸಲ ಹೇಳಿದರು. ಜೊತೆಗೆ 'ಚಿಕೋರಿಯಾ ರಿಪಾಸ್ಸಾತಾ'. ಬೇಯಿಸಿದ ಕಹಿ ಸೊಪ್ಪನ್ನು ಎಣ್ಣೆ, ಬೆಳ್ಳುಳ್ಳಿ, ಮೆಣಸಿನಕಾಯಿಯಲ್ಲಿ ಬಾಡಿಸಿದ್ದು. ಅಮ್ಮ ಅದನ್ನು ಇನ್ನೊಂದು ಪ್ಲೇಟ್ ತರಿಸಿಕೊಂಡರು. ಅರಾಬ್ಬಿಯಾತಾ ಅಂದರೆ ಸಿಟ್ಟಿಗೆದ್ದದ್ದು ಅಂತೆ. ನನ್ನ ನಾಲಿಗೆಗಂತೂ ಅದು ತೀರಾ ಸಾಧು.

ಬಿಲ್ಲಿನಲ್ಲಿ 'ಪಾನೆ' ಎಂದು ತಲೆಗೆ ಇಷ್ಟು ಅಂತ ಹಾಕಿದ್ದರು. ಕೇಳದೆ ತಂದಿಟ್ಟ, ನಾವು ಮುಟ್ಟದ ಬ್ರೆಡ್ಡಿನ ದುಡ್ಡು ಅದು. ಈಗಲೂ ಹೊಟ್ಟೆ ಉರಿಯುತ್ತೆ. ಬೇಡವಾದರೆ ಬುಟ್ಟಿ ಮೇಜಿಗೆ ಬಂದ ತಕ್ಷಣ ವಾಪಸ್ ಕಳಿಸಿ. ನೀರಿಗೂ 'ನಾತುರಾಲೆ' ಅಂತಲೇ ಹೇಳಿ, 'ಫ್ರಿಜ್ಜಾಂತೆ' ಅಂದರೆ ಗ್ಯಾಸ್ ತುಂಬಿದ್ದು ಬರುತ್ತೆ.